ಕುಡಿತ ಬಿಡಲು ಕೌನ್ಸೆಲಿಂಗ್: ಮೊದಲ ಫೋನ್ ಕರೆಯಿಂದ ಜೊತೆಗಾರರ ಗುಂಪಿನವರೆಗೆ

‘ಬರೀ ಮಾತನಾಡಿಸಿದರೆ ಕುಡಿತ ಬಿಡುತ್ತಾರೆಯೇ? ನಾವೂ ಹತ್ತು ವರ್ಷದಿಂದ ಹೇಳುತ್ತಲೇ ಇದ್ದೇವಲ್ಲ!’ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರದ ಕಡೆಯಿಂದ ಬರುವ ಹೆಚ್ಚಿನ ಕರೆಗಳಲ್ಲಿ ನಾನು ಕೇಳುವ ಪ್ರಶ್ನೆ ಇದು. ಕರೆ ಮಾಡುವವರು ಬಹುಪಾಲು ಹೆಂಡತಿಯರು, ಅಕ್ಕತಂಗಿಯರು, ಕಾಲೇಜಿಗೆ ಹೋಗುವ ಮಕ್ಕಳು. ಕುಡಿಯುವವರೇ ಕರೆ ಮಾಡುವುದು ಅಪರೂಪ. ಹಾಗಾಗಿ ಈ ಬರಹವನ್ನು ಮನೆಯವರಿಗೆಂದೇ ಬರೆಯುತ್ತಿದ್ದೇನೆ. ಕುಡಿಯುವವರು ಓದಿದರೂ ಒಳ್ಳೆಯದೇ. ಅವರಿಂದ ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮನೆಯಲ್ಲಿ ನಡೆಯುವುದು ಉಪದೇಶ. ಅಲ್ಲಿ ಬಿಡಬೇಕೆಂದು ವಾದಿಸುವವರು ನೀವು, ‘ನನಗೇನೂ ಆಗಿಲ್ಲ’ ಎಂದು ವಾದಿಸುವವರು ಅವರು. ಮನುಷ್ಯ ತನ್ನ ಬಾಯಿಂದ ಹೊರಟದ್ದನ್ನೇ ಹೆಚ್ಚು ನಂಬುತ್ತಾನೆ. ದಿನವೂ ಕುಡಿತದ ಪರವಾಗಿ ವಾದಿಸುವವನು ದಿನವೂ ಅದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತಾನೆ. ನುರಿತ ಸಮಾಲೋಚಕರು ಈ ವಾದವನ್ನು ಬುಡಮೇಲು ಮಾಡುತ್ತಾರೆ: ಬಿಡಬೇಕೆನ್ನುವ ಕಾರಣಗಳು ಕುಡಿಯುವವರ ಬಾಯಿಂದಲೇ ಬರುವಂತೆ ಕೇಳುತ್ತಾರೆ. ಇದಕ್ಕೆ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂದು ಹೆಸರು. ಇಲ್ಲಿ ‘ಪ್ರೇರಣಾ ಮಾತುಕತೆ’ ಎನ್ನುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ಇದನ್ನು ರೂಪಿಸಿದ್ದು ಕುಡಿತದ ಸಮಸ್ಯೆ ಇರುವವರ ಜೊತೆ ಕೆಲಸ ಮಾಡುತ್ತಲೇ.

ಹಂತ 1: ಮಾತಿಗೆ ಮುಂಚೆ ದೇಹದ ಅಪಾಯ ನೋಡಿ

ಇದೊಂದು ಹಂತವನ್ನು ಯಾರೂ ಹಾರಿಸಬೇಡಿ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ‘ದೇವರ ಎದುರು ಆಣೆ ಹಾಕಿಸಿ ಇವತ್ತಿನಿಂದಲೇ ಬಿಡಿಸಿದೆವು’ ಎಂದು ಹೇಳಿದ ಮನೆಯವರು ಮೂರನೆಯ ದಿನ ಗಾಬರಿಯಿಂದ ಮತ್ತೆ ಕರೆ ಮಾಡುವುದು ಇದರಿಂದಲೇ.

ಕೊನೆಯ ಕುಡಿತವಾಗಿ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಜ್ವರ ಏರಿ, ಇಲ್ಲದ ಜನ, ಇಲ್ಲದ ಹುಳು ಕಾಣಿಸಿ, ತಾನು ಎಲ್ಲಿದ್ದೇನೆ ಎಂಬುದೇ ತಿಳಿಯದಂತಾಗುತ್ತದೆ. ಊರಿನಲ್ಲಿ ಇದನ್ನು ಭೂತದ ಉಪದ್ರವ ಎಂದುಕೊಂಡು ಪ್ರಶ್ನೆ ಇಡಿಸಲು ಹೋಗಿ ಅಮೂಲ್ಯ ಗಂಟೆಗಳನ್ನು ಕಳೆದವರಿದ್ದಾರೆ. ಇದು ಡೆಲಿರಿಯಂ ಟ್ರೆಮೆನ್ಸ್ ಎಂಬ ವೈದ್ಯಕೀಯ ತುರ್ತು ಸ್ಥಿತಿ. ನೇರ ಆಸ್ಪತ್ರೆಗೆ ಹೋಗಿ.

ಹಾಗಾದರೆ ಯಾರನ್ನು ಮೊದಲು ವೈದ್ಯರಿಗೆ ತೋರಿಸಬೇಕು? ಬೆಳಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿಯುವವರು, ಹಿಂದೆ ಬಿಡಲು ಹೋಗಿ ಫಿಟ್ಸ್ ಬಂದವರು ಅಥವಾ ಗೊಂದಲಗೊಂಡವರು, ಲಿವರ್ ಕಾಯಿಲೆ ಇರುವವರು. ಇವರಿಗೆ ಕೆಲವು ದಿನ ವೈದ್ಯರ ನಿಗಾದಲ್ಲಿ ಮಾತ್ರೆಗಳನ್ನು ಹಂತಹಂತವಾಗಿ ಇಳಿಸುತ್ತಾ ಕುಡಿತ ನಿಲ್ಲಿಸುತ್ತಾರೆ, ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಬಹುಕಾಲದಿಂದ ಕುಡಿಯುವವರ ದೇಹದಲ್ಲಿ ಇದು ಬರಿದಾಗಿರುತ್ತದೆ; ಕೊಡದಿದ್ದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ‘ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿಸೋಣ’ ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದರೆ ಕುಡಿತದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸುವುದು ಇಂಥವರಿಗೆ ಒಳ್ಳೆಯದಲ್ಲ.

ಎಷ್ಟು ಕುಡಿಯುತ್ತಾರೆ ಎಂಬ ಲೆಕ್ಕವನ್ನೂ ವೈದ್ಯರು ಕೇಳುತ್ತಾರೆ. ‘ಸ್ವಲ್ಪ’ ಎನ್ನಬೇಡಿ. 30 ಮಿಲಿಲೀಟರ್ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್ ಇರುತ್ತದೆ. ಇದನ್ನು ಒಂದು ಅಳತೆ ಎನ್ನುತ್ತಾರೆ. ಗಡಿಯಾಚೆಯಿಂದ ಬರುವ 90 ಮಿಲಿಲೀಟರಿನ ಪ್ಯಾಕೆಟ್ ಎಂದರೆ ಮೂರು ಅಳತೆ, ಒಂದು ಕ್ವಾರ್ಟರ್ ಎಂದರೆ ಆರು. ಹೀಗೆ ಒಂದು ವಾರದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹಂತ 2: ಎಲ್ಲಿಗೆ, ಯಾವ ಭಾಷೆಯಲ್ಲಿ?

ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಡಿ ಜಿಲ್ಲೆಗೊಂದು ವ್ಯಸನಮುಕ್ತಿ ಕೇಂದ್ರವಿದೆ. ಕಾಸರಗೋಡು ಜಿಲ್ಲೆಯದ್ದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಯೋಜನೆಯ ಉಚಿತ ದೂರವಾಣಿ ಸಂಖ್ಯೆ 14405. ಹೋಗುವ ಮುನ್ನ ಕರೆ ಮಾಡಿ ದಿನ, ಸಮಯ ಕೇಳಿಕೊಳ್ಳಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಉಪ್ಪಳ, ಮಂಜೇಶ್ವರದವರಿಗೆ ತಲಪಾಡಿ ದಾಟಿದರೆ ಮಂಗಳೂರಿನ ಆಸ್ಪತ್ರೆಗಳ ಮನೋರೋಗ ವಿಭಾಗಗಳೇ ಹತ್ತಿರ.

ನಮ್ಮ ಕಡೆ ಭಾಷೆಯ ಪ್ರಶ್ನೆ ಬಹಳ ದೊಡ್ಡದು. ಜ್ವರಕ್ಕೆ ಮಾತ್ರೆ ಪಡೆಯಲು ಅರೆಬರೆ ಮಲಯಾಳ ಸಾಕು. ಆದರೆ ಪ್ರೇರಣಾ ಮಾತುಕತೆಯಲ್ಲಿ ಮಾತೇ ಮದ್ದು. ಮನಸ್ಸಿನೊಳಗಿನ ತೊಳಲಾಟವನ್ನು ಮನುಷ್ಯ ಹೇಳಿಕೊಳ್ಳುವುದು ತನ್ನ ಮನೆಮಾತಿನಲ್ಲಿ, ತುಳುವಿನಲ್ಲಿ ಅಥವಾ ಕನ್ನಡದಲ್ಲಿ. ಪರಭಾಷೆಯಲ್ಲಿ ಕೇಳಿದರೆ ‘ಹೌದು’, ‘ಇಲ್ಲ’, ‘ಬಿಡುತ್ತೇನೆ’ ಎಂಬ ಮೂರೇ ಉತ್ತರ ಬರುತ್ತದೆ. ಕರೆ ಮಾಡುವಾಗಲೇ ‘ಕನ್ನಡ ಅಥವಾ ತುಳು ಬಲ್ಲ ಸಮಾಲೋಚಕರು ಯಾವ ದಿನ ಇರುತ್ತಾರೆ?’ ಎಂದು ಕೇಳಿ. ಮಗನನ್ನೋ ಹೆಂಡತಿಯನ್ನೋ ದುಭಾಷಿಯಾಗಿ ಕೂರಿಸಬೇಡಿ. ಅವರ ಎದುರು ಹೇಳಲಾಗದ್ದೇ ಕುಡಿಯುವವರು ಹೇಳಬೇಕಾದ ಮಾತಾಗಿರುತ್ತದೆ.

ಹಂತ 3: ಮನೆಯಲ್ಲಿ ಕರೆಯುವ ಬಗೆ

ಅಮಲಿನಲ್ಲಿ ಇರುವಾಗ ಮಾತು ತೆಗೆಯಬೇಡಿ. ಬೆಳಗ್ಗೆ ಚಹಾ ಕುಡಿದು, ಕೆಲಸಕ್ಕೆ ಹೊರಡುವ ಗಡಿಬಿಡಿ ಇಲ್ಲದ ಹೊತ್ತನ್ನು ಹುಡುಕಿ. ಹಳೆಯ ಲೆಕ್ಕ ಬಿಚ್ಚದೆ ಕಂಡ ಒಂದೇ ವಿಷಯ ಹೇಳಿ, ಒಂದೇ ಕೋರಿಕೆ ಇಡಿ: ‘ನಿನ್ನೆ ರಾತ್ರಿ ನೀವು ಗದ್ದೆಯ ಬದಿ ಬಿದ್ದದ್ದು ನೋಡಿ ಹೆದರಿಕೆಯಾಯಿತು. ಗುರುವಾರ ಒಮ್ಮೆ ಹೋಗಿ ಮಾತನಾಡಿ ಬರೋಣ. ಕುಡಿತ ಬಿಡುತ್ತೇನೆ ಎಂದು ನೀವು ನನಗೆ ಮಾತು ಕೊಡಬೇಕಾಗಿಲ್ಲ.’ ಆ ಕೊನೆಯ ವಾಕ್ಯ ಮುಖ್ಯ. ಬಿಡಲು ಸಿದ್ಧರಾದವರು ಮಾತ್ರ ಹೋಗಬೇಕು ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮಂದಿ ಹಿಂಜರಿಯುತ್ತಾರೆ. ಇನ್ನೂ ನಿರ್ಧರಿಸದವರಿಗಾಗಿಯೇ ಹುಟ್ಟಿದ ವಿಧಾನ ಇದು.

ಇನ್ನು ಒಂದು ಕಟುವಾದ ಎಚ್ಚರಿಕೆ. ಸಾರಿನಲ್ಲೋ ಚಹಾದಲ್ಲೋ ಗುಟ್ಟಾಗಿ ಬೆರೆಸುವ ಪುಡಿ, ಮಾತ್ರೆಗಳನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಡೈಸಲ್ಫಿರಾಂ ಎಂಬ ಮಾತ್ರೆ ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಸಾವೂ ಸಂಭವಿಸಬಹುದು. ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ವೈದ್ಯರು ಮಾತ್ರ ಕೊಡಬೇಕಾದ ಮದ್ದು ಅದು. ಗುಟ್ಟಾಗಿ ಹಾಕಿದ್ದು ಗೊತ್ತಾದ ದಿನ ನಿಮ್ಮ ಮೇಲಿನ ನಂಬಿಕೆ ಮುಗಿಯಿತು. ಮುಂದಿನ ಯಾವ ಮಾತುಕತೆಗೂ ನೆಲೆ ಉಳಿಯುವುದಿಲ್ಲ.

ಹಂತ 4: ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ?

ಮನೆಯವರಿಗೆ ಇದೇ ಹೆಚ್ಚು ಕುತೂಹಲ. ಒಬ್ಬರ ಉದಾಹರಣೆಯಿಂದ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬದಿಯಡ್ಕದ ಆಚೆಯ ಹಳ್ಳಿಯವರು, ವಯಸ್ಸು 42, ಅಡಿಕೆ ಮರ ಏರಿ ಮದ್ದು ಬಿಡುವುದು, ಕೊನೆ ಇಳಿಸುವುದು ಕೆಲಸ. ರಾತ್ರಿ ಒಂದು ಕ್ವಾರ್ಟರ್, ಬೆಳಗ್ಗೆ ನಡುಕಕ್ಕೆ ಒಂದು ಪ್ಯಾಕೆಟ್: ದಿನಕ್ಕೆ ಒಂಬತ್ತು ಅಳತೆ. ಬೆಳಗಿನ ಪ್ಯಾಕೆಟ್ ಇದ್ದುದರಿಂದ ಮೊದಲು ಆಸ್ಪತ್ರೆಗೆ ದಾಖಲಾದರು. ಐದನೆಯ ದಿನ ನಡುಕ ಇಳಿದು, ತಲೆ ತಿಳಿಯಾದ ಮೇಲೆ ಮಾತುಕತೆ.

ಸಮಾಲೋಚಕರ ಮೊದಲ ಪ್ರಶ್ನೆಯೇ ಅವರಿಗೆ ಆಶ್ಚರ್ಯ ತಂದಿತು. ‘ಅಣ್ಣ, ಕುಡಿತದಿಂದ ನಿಮಗೆ ಏನು ಉಪಕಾರವಾಗುತ್ತಿತ್ತು?’

‘ದಿನವಿಡೀ ಮರ ಏರಿ ಇಳಿದರೆ ತೊಡೆ, ಬೆನ್ನು ನಮ್ಮದಲ್ಲ ಎನಿಸುತ್ತದೆ ಮೇಡಂ. ಕುಡಿದರೆ ನೋವು ಮರೆಯುತ್ತದೆ, ನಿದ್ರೆ ಬರುತ್ತದೆ.’

‘ನೋವು ಇಳಿಯಬೇಕು, ನಿದ್ರೆ ಬರಬೇಕು. ಅದಕ್ಕೆ ನಿಮಗೆ ಸಿಕ್ಕಿದ ದಾರಿ ಇದು.’

‘ಹೌದು. ಆದರೆ ಬೆಳಗ್ಗೆ ಕೈ ನಡುಗುತ್ತಿತ್ತು.’

ಆ ‘ಆದರೆ’ಗಾಗಿಯೇ ಸಮಾಲೋಚಕರು ಕಾಯುತ್ತಿರುತ್ತಾರೆ. ‘ಕುಡಿದರೆ ಆರೋಗ್ಯ ಹಾಳಲ್ಲವೇ?’ ಎಂದು ಆರಂಭಿಸಿದ್ದರೆ ಅವರು ಕುಡಿತವನ್ನು ಸಮರ್ಥಿಸುತ್ತಿದ್ದರು. ಸಮರ್ಥನೆಯನ್ನು ಪೂರ್ತಿ ಕೇಳಿಸಿಕೊಂಡದ್ದರಿಂದ ಇನ್ನೊಂದು ಮಗ್ಗುಲು ತಾನಾಗಿ ಹೊರಬಂತು. ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹಿಂದಿರುಗಿಸುವ ಈ ಕ್ರಮಕ್ಕೆ ‘ಪ್ರತಿಫಲನ’ ಎನ್ನುತ್ತಾರೆ. ಗಿಳಿಪಾಠವಲ್ಲ, ಆಡದೇ ಉಳಿದ ಅರ್ಧ ಮಾತನ್ನೂ ಸೇರಿಸಿ ಹೇಳುವುದು.

‘ನಡುಗುವ ಅದೇ ಕೈಯಲ್ಲಿ ಮರ ತಬ್ಬಬೇಕು,’ ಎಂದರು ಸಮಾಲೋಚಕರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನವನ್ನು ಯಾರೂ ತುಂಬಲಿಲ್ಲ. ಆಮೇಲೆ ಹೇಳಿದರು: ‘ಮಳೆಗಾಲದ ಶುರುವಿನಲ್ಲಿ ಒಮ್ಮೆ ಮರದ ತುದಿಯಲ್ಲಿ ಕಾಲಿನ ಹಗ್ಗ ಜಾರಿತು. ಹೇಗೋ ಹಿಡಿದುಕೊಂಡೆ. ಕೆಳಗೆ ಮಗ ಮದ್ದಿನ ಪೈಪ್ ಹಿಡಿದು ನಿಂತಿದ್ದ. ಅವನು ಮೇಲೆ ನೋಡುತ್ತಿದ್ದ.’

ಈ ಮಾತನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಂಡತಿ ಹತ್ತು ವರ್ಷ ಹೇಳಿದ ಕಾರಣಗಳು ಲಿವರ್, ಸಾಲ, ಮರ್ಯಾದೆ. ಅವರದೇ ಕಾರಣ ಬೇರೆ ಇತ್ತು: ಮೇಲೆ ನೋಡುತ್ತಿದ್ದ ಮಗನ ಮುಖ. ಹೀಗೆ ಬದಲಾವಣೆಯ ಕಡೆಗೆ ವಾಲುವ ಸ್ವಂತ ಮಾತಿಗೆ ಈ ವಿಧಾನದಲ್ಲಿ ‘ಬದಲಾವಣೆಯ ಮಾತು’ ಎಂದು ಹೆಸರು. ಅದು ಹೆಚ್ಚಾಗುತ್ತಿದೆಯೇ ಎಂಬುದೇ ಮಾತುಕತೆ ಸರಿಯಾಗಿ ಸಾಗುತ್ತಿದೆಯೇ ಎಂದು ತಿಳಿಯುವ ಗುರುತು.

ಮುಂದೆ ಅಳತೆಗೋಲಿನ ಪ್ರಶ್ನೆ ಬಂತು. ‘ಕುಡಿತ ಬಿಡುವುದು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳಿ.’ ಅವರು ಆರು ಎಂದರು. ನಾವಾಗಿದ್ದರೆ ‘ಯಾಕೆ ಹತ್ತಲ್ಲ?’ ಎಂದು ಕೇಳುತ್ತಿದ್ದೆವು, ಅವರು ಕುಡಿತ ಬಿಡಲಾಗದ ಕಾರಣಗಳನ್ನು ಎಣಿಸುತ್ತಿದ್ದರು. ಸಮಾಲೋಚಕರು ಕೇಳಿದ್ದು ‘ಎರಡು ಎನ್ನಬಹುದಿತ್ತು, ಆರು ಯಾಕೆ?’ ಎಂದು. ಆಗ ಬರುವುದೆಲ್ಲ ಬಿಡಬೇಕೆನ್ನುವ ಕಾರಣಗಳೇ. ಎರಡನೆಯ ಪ್ರಶ್ನೆ: ‘ಬಿಡಬಲ್ಲೆ ಎಂಬ ಧೈರ್ಯ ಎಷ್ಟು?’ ಉತ್ತರ ಮೂರು. ‘ಮೂರು ನಾಲ್ಕಾಗಬೇಕಾದರೆ ಏನು ಆಗಬೇಕು?’ ಸ್ವಲ್ಪ ಯೋಚಿಸಿ ಹೇಳಿದರು: ‘ಶನಿವಾರದ ಸಂಬಳ ನನ್ನ ಕೈಗೆ ಬರಬಾರದು.’

ಮಾಹಿತಿ ಕೊಡುವುದಿದ್ದರೂ ಅಪ್ಪಣೆ ಕೇಳಿಯೇ ಕೊಡುತ್ತಾರೆ. ‘ನಿದ್ರೆಯ ವಿಷಯ ಒಂದು ಮಾತು ಹೇಳಬಹುದೇ? ಕುಡಿದರೆ ಬೇಗ ನಿದ್ರೆ ಹತ್ತುತ್ತದೆ, ಆದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ಅದೇ ನಿದ್ರೆಯನ್ನು ಒಡೆಯುತ್ತದೆ. ನಿಮ್ಮ ಅನುಭವ ಹೇಗೆ?’ ಮೂರು ಗಂಟೆಗೆ ಎಚ್ಚರವಾಗಿ ಬೆಳಗಿನವರೆಗೆ ಹೊರಳಾಡುತ್ತಿದ್ದುದನ್ನು ಅವರೇ ಹೇಳಿದರು.

ಈ ವಿಧಾನ ಎಷ್ಟು ಫಲ ಕೊಡುತ್ತದೆ? ನಮ್ಮ ಕರಾವಳಿಗೆ ಹತ್ತಿರದ ಲೆಕ್ಕವೇ ಇದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರಿಂದ ಹೆಚ್ಚೆಂದರೆ ನಾಲ್ಕು ಸಲ ಇಂಥ ಮಾತುಕತೆ ಮಾಡಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ನೋಡಿದಾಗ, ಹಿಂದಿನ 14 ದಿನ ಒಂದು ಹನಿಯೂ ಕುಡಿಯದವರು ಮಾತುಕತೆ ಪಡೆದವರಲ್ಲಿ ನೂರಕ್ಕೆ 42, ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ 18. ಆದರೆ ಆ ಅಧ್ಯಯನದಲ್ಲಿದ್ದವರು ಹಾನಿಕರವಾಗಿ ಕುಡಿಯುತ್ತಿದ್ದ ಗಂಡಸರು. ತೀವ್ರ ಅವಲಂಬನೆ ಇದ್ದವರನ್ನು ಸೇರಿಸಿರಲಿಲ್ಲ. ನಮ್ಮ ಅಡಿಕೆ ತೋಟದ ಅಣ್ಣನಂಥವರಿಗೆ ಮಾತುಕತೆಯೊಂದೇ ಸಾಲದು. ಚಿಕಿತ್ಸೆಯೂ ಬೇಕು, ಗುಂಪೂ ಬೇಕು.

ಕೌನ್ಸೆಲಿಂಗ್ ಸರಿಯಿಲ್ಲ ಎಂದು ತಿಳಿಯುವುದು ಹೇಗೆ? ಸಮಾಲೋಚಕರೇ ಬಹುಪಾಲು ಮಾತನಾಡಿದರೆ, ಹಾಳಾದ ಲಿವರಿನ ಚಿತ್ರ ತೋರಿಸಿ ಹೆದರಿಸಿದರೆ, ಮನೆಯವರ ಎದುರು ತಪ್ಪೊಪ್ಪಿಗೆ ಮಾಡಿಸಿದರೆ, ಅದು ಪ್ರೇರಣಾ ಮಾತುಕತೆಯಲ್ಲ. ಬೇರೆಯವರನ್ನು ಹುಡುಕಿ. ಇನ್ನು ನೀವು ಮಾಡುವ ತಪ್ಪು ಒಂದಿದೆ: ಹೊರಗೆ ಬಂದ ಕೂಡಲೇ ‘ಏನು ಕೇಳಿದರು? ಬಿಡುತ್ತೇನೆ ಎಂದಿರಾ?’ ಎಂದು ವಿಚಾರಣೆ ಮಾಡುವುದು. ಅಂದು ಸುಮ್ಮನೆ ಜೊತೆಯಲ್ಲಿ ಬಸ್ ಹತ್ತಿ.

ಹಂತ 5: ಮೊದಲ ಎರಡು ವಾರದ ಏರ್ಪಾಡು

ಮಾತುಕತೆಯಲ್ಲಿ ಅವರೇ ಹೇಳಿದ್ದನ್ನು ಏರ್ಪಾಡಾಗಿ ಬದಲಿಸಬೇಕು. ನಮ್ಮ ಉದಾಹರಣೆಯಲ್ಲಿ ಸಂಬಳವನ್ನು ಹೆಂಡತಿಯ ಬ್ಯಾಂಕ್ ಖಾತೆಗೆ ಹಾಕುವಂತೆ ತೋಟದ ಯಜಮಾನರನ್ನು ಅವರೇ ಕೇಳಿಕೊಂಡರು. ಹೆಂಡತಿ ಹೋಗಿ ಕೇಳಿದ್ದರೆ ಅದು ಅವಮಾನವಾಗುತ್ತಿತ್ತು, ಎರಡು ವಾರವೂ ನಿಲ್ಲುತ್ತಿರಲಿಲ್ಲ. ಪ್ಯಾಕೆಟ್ ಸಿಗುವ ಗೂಡಂಗಡಿಯ ದಾರಿ ಬಿಟ್ಟು ಇನ್ನೊಂದು ದಾರಿಯಲ್ಲಿ ಮನೆಗೆ ಬರುವುದು, ಸಂಜೆ ಆರರಿಂದ ಎಂಟರ ನಡುವೆ ಹೊಟ್ಟೆ ಖಾಲಿ ಬಿಡದಿರುವುದು, ಬೆನ್ನುನೋವನ್ನು ವೈದ್ಯರಿಗೆ ತೋರಿಸುವುದು ಇವೂ ಸೇರಿದವು. ನೋವಿಗೆ ಬೇರೆ ದಾರಿ ತೋರಿಸದೆ ಕುಡಿತವನ್ನು ಮಾತ್ರ ಕಿತ್ತುಕೊಂಡರೆ ಅವರು ಎಷ್ಟು ದಿನ ತಡೆದಾರು? ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಮಾತ್ರೆಗಳೂ ಇವೆ. ತಮಗೆ ಹೊಂದುತ್ತವೆಯೇ ಎಂದು ವೈದ್ಯರನ್ನು ಕೇಳಬೇಕು.

ಹಂತ 6: ಜೊತೆಗಾರರ ಗುಂಪು

‘ಸ್ವಸಹಾಯ ಗುಂಪು’ ಎಂದರೆ ನಮ್ಮಲ್ಲಿ ಉಳಿತಾಯ ಸಂಘ ಎಂದುಕೊಳ್ಳುತ್ತಾರೆ, ಅದಕ್ಕೇ ಈ ಹೆಸರು. ಕುಡಿತ ಬಿಟ್ಟವರು, ಬಿಡುತ್ತಿರುವವರು ವಾರವಾರ ಸೇರಿ ಒಬ್ಬರ ಅನುಭವವನ್ನು ಒಬ್ಬರು ಕೇಳುವ ಕೂಟ ಇದು. ಸಮಾಲೋಚಕರು ಸಿಗುವುದು ತಿಂಗಳಿಗೆ ಒಂದೆರಡು ಗಂಟೆ. ಶನಿವಾರ ಸಂಜೆ ಏಳಕ್ಕೆ ಆಸೆ ಹತ್ತಿಕೊಂಡಾಗ ಫೋನ್ ಎತ್ತುವವರು ಗುಂಪಿನವರು.

ಕನ್ನಡದಲ್ಲಿ ಬೇಕೆಂದರೆ ನಮಗೆ ಹತ್ತಿರದ್ದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಏರ್ಪಾಡು. ಅವರ ಮದ್ಯವರ್ಜನ ಶಿಬಿರಗಳು ಎಂಟು ದಿನಗಳವು. ಕಾಸರಗೋಡಿನ ಕನ್ನಡ ಪ್ರದೇಶದಲ್ಲೂ ನಡೆಯುತ್ತವೆ. ಶಿಬಿರ ಮುಗಿಸಿದವರು ಊರಿನಲ್ಲಿ ನವಜೀವನ ಸಮಿತಿ ಎಂಬ ಗುಂಪಾಗಿ ಸೇರುತ್ತಾರೆ. ನನ್ನ ಮಟ್ಟಿಗೆ ಶಿಬಿರಕ್ಕಿಂತ ಈ ಸಮಿತಿಯೇ ದೊಡ್ಡದು. ಎಂಟು ದಿನ ಎಲ್ಲರೂ ಬಿಟ್ಟಿರುತ್ತಾರೆ. ಒಂಬತ್ತನೆಯ ದಿನದಿಂದ ಯಾರ ಜೊತೆ ಕೂರುತ್ತಾರೆ ಎಂಬುದೇ ಪ್ರಶ್ನೆ. ಮೊದಲ ಹಂತದಲ್ಲಿ ಹೇಳಿದ ಅಪಾಯದ ಗುರುತು ಇರುವವರು ಶಿಬಿರಕ್ಕೆ ಸೇರುವ ಮುನ್ನ ವೈದ್ಯರನ್ನು ಕಾಣಲೇಬೇಕು.

ಇನ್ನೊಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತನಾಡಿಕೊಳ್ಳುವುದರಿಂದ ಹುಟ್ಟಿದ್ದು. ಮಂಗಳೂರಿನಲ್ಲೂ ಕೇರಳದಲ್ಲೂ ಇದರ ಸಭೆಗಳಿವೆ. ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಿಲ್ಲ, ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಸದಸ್ಯತ್ವದ ಅರ್ಹತೆ. ಅನುಭವಸ್ಥರೊಬ್ಬರು ಹೊಸಬರ ಕೈಹಿಡಿಯುತ್ತಾರೆ. ಅವರಿಗೆ ಸ್ಪಾನ್ಸರ್ ಎನ್ನುತ್ತಾರೆ. 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿಯ ಪ್ರಕಾರ, ಎ.ಎ.ಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟವರು ನೂರಕ್ಕೆ 42, ಇತರ ಚಿಕಿತ್ಸೆಗಳಲ್ಲಿ 35. ‘ಕ್ರಮಬದ್ಧವಾಗಿ’ ಎಂಬ ಮಾತನ್ನು ಗಮನಿಸಿ. ವಿಳಾಸದ ಚೀಟಿ ಕೊಟ್ಟು ಕಳಿಸಿದರೆ ಹೆಚ್ಚಿನವರು ಹೋಗುವುದೇ ಇಲ್ಲ. ಗುಂಪಿನ ಒಬ್ಬರು ಮುಂಚೆ ಫೋನ್ ಮಾಡಿ, ಮೊದಲ ಸಭೆಗೆ ಜೊತೆಯಲ್ಲಿ ಕರೆದೊಯ್ಯುವಂತೆ ಸಮಾಲೋಚಕರನ್ನು ಕೇಳಿ.

ಮೊದಲ ಸಲ ಅವರು ಏನೂ ಮಾತನಾಡಬೇಕಿಲ್ಲ, ಕೇಳಿದರೆ ಸಾಕು. ಒಂದೇ ಸಭೆ ನೋಡಿ ‘ನನಗಲ್ಲ’ ಎನ್ನುವುದು ಸಾಮಾನ್ಯ. ಐದಾರು ಸಭೆಗೆ ಹೋಗಿ ಆಮೇಲೆ ತೀರ್ಮಾನಿಸಲಿ. ಊರಿನವರು ಗುರುತಿಸಿಯಾರು ಎಂಬ ನಾಚಿಕೆ ಇದ್ದರೆ ಒಂದೆರಡು ಊರು ಆಚೆಯ ಗುಂಪಿಗೆ ಹೋಗಲಿ. ಸಭೆಯಲ್ಲಿ ಬರುವ ದೇವರ ಮಾತು ಹಿಡಿಸದಿದ್ದರೆ ಅದನ್ನು ಗುಂಪಿನಲ್ಲೇ ಹೇಳಬಹುದು. ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ: ಗುಂಪಿನ ಯಾರಾದರೂ ‘ಮಾತ್ರೆಯೂ ಒಂದು ಅಮಲೇ, ಬಿಡು’ ಎಂದರೆ ಕೇಳಬೇಡಿ. ಅದು ಎ.ಎ.ಯ ನಿಲುವಲ್ಲ, ಮದ್ದಿನ ವಿಷಯ ವೈದ್ಯರಿಗೆ ಬಿಟ್ಟದ್ದು.

ಮನೆಯವರಿಗಾಗಿಯೇ ಆಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ಅವರು ಕುಡಿಯುತ್ತಲೇ ಇದ್ದರೂ ನೀವು ಹೋಗಬಹುದು.

ಹಂತ 7: ಜಾರಿದ ದಿನ

ಹೆಚ್ಚಿನವರು ಒಮ್ಮೆಯಾದರೂ ಜಾರುತ್ತಾರೆ. ನಮ್ಮ ಅಣ್ಣ ಜಾರಿದ್ದು ಮೂರನೆಯ ತಿಂಗಳಲ್ಲಿ, ನೆಂಟರ ಮನೆಯ ಮದುವೆಯ ಹಿಂದಿನ ರಾತ್ರಿ. ಆ ಹೊತ್ತಿನಲ್ಲಿ ಮನಸ್ಸು ಆಡುವ ಆಟ ಒಂದೇ: ‘ಹೇಗೂ ಹಾಳಾಯಿತು, ಇನ್ನು ಎಷ್ಟು ಕುಡಿದರೇನು?’ ಒಂದು ರಾತ್ರಿಯ ಜಾರುವಿಕೆಯನ್ನು ಒಂದು ವರ್ಷದ ಕುಡಿತವಾಗಿಸುವುದು ಈ ಮಾತು. ಮನೆಯವರ ‘ನನಗೆ ಗೊತ್ತಿತ್ತು’ ಎಂಬ ಮಾತೂ ಅದಕ್ಕೇ ಎಣ್ಣೆ ಸುರಿಯುತ್ತದೆ.

24 ಗಂಟೆಯೊಳಗೆ ಗುಂಪಿನ ಒಬ್ಬರಿಗೆ ಫೋನ್ ಹೋಗಲಿ, ಆ ವಾರದಲ್ಲೇ ಸಮಾಲೋಚಕರ ಭೇಟಿಯಾಗಲಿ. ಒಂದು ರಾತ್ರಿಗೆ ನಿಂತರೆ ಸಾಮಾನ್ಯವಾಗಿ ಇಷ್ಟು ಸಾಕು. ಹಲವು ದಿನ ಹಳೆಯ ಪ್ರಮಾಣದಲ್ಲೇ ಕುಡಿದಿದ್ದರೆ ಮೊದಲ ಹಂತದ ಅಪಾಯ ಮತ್ತೆ ಬಂತೆಂದೇ ತಿಳಿಯಿರಿ. ಮನೆಯಲ್ಲಿ ನಿಲ್ಲಿಸಲು ಹೋಗದೆ ಆಸ್ಪತ್ರೆಗೆ ಬನ್ನಿ.

ನಮ್ಮ ಅಣ್ಣ ಮರುದಿನ ಬೆಳಗ್ಗೆಯೇ ಗುಂಪಿನ ಹಿರಿಯರಿಗೆ ಕರೆ ಮಾಡಿದರು. ಹಿರಿಯರು ಬೈಯಲಿಲ್ಲ, ಎಷ್ಟು ಹೊತ್ತಿಗೆ, ಯಾರ ಜೊತೆ, ಯಾವ ಜಾಗದಲ್ಲಿ ಎಂದು ಕೇಳಿದರು. ಊಟದ ಚಪ್ಪರದ ಹಿಂದೆ, ಹಳೆಯ ಮೂವರು ಗೆಳೆಯರ ಜೊತೆ, ಹತ್ತೂವರೆಗೆ. ಮುಂದಿನ ಮದುವೆಗೆ ಅವರು ಹೋದರು. ಸಂಜೆ ಹೋಗಿ, ಮಗನ ಜೊತೆ ಊಟ ಮುಗಿಸಿ, ಒಂಬತ್ತರ ಬಸ್ಸಿಗೆ ಮನೆಗೆ ಬಂದರು.